‘ಜಲ್ದಿ ಬಿಡ್ರಿ ಸರ್’ ಅನ್ನಬೇಡಿ, ತಾರೀಖು ಬರೆದು ಕೇಳಿ

ಅತನೂರ, ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಹುಡುಗರು ಡಿಗ್ರಿ ಮುಗಿಸಿ ಮೊದಲು ಸೇರುವ ಕೆಲಸಗಳಲ್ಲಿ ಮೈಕ್ರೋಫೈನಾನ್ಸ್ ಕಂಪನಿಯ ಫೀಲ್ಡ್ ಆಫೀಸರ್ ಕೆಲಸವೂ ಒಂದು. ಸೇರೋದು ಸುಲಭ, ಬಿಡೋದು ಕಷ್ಟ. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿತು ಅಂತ ರಾಜೀನಾಮೆ ಕೊಟ್ಟರೆ ಮ್ಯಾನೇಜರ್ ‘60 ದಿನ ನೋಟಿಸ್ ಮುಗಿಸಿ ಹೋಗು’ ಅನ್ನುತ್ತಾರೆ. ಹೊಸ ಕಂಪನಿ ಒಂದು ತಿಂಗಳೊಳಗೆ ಬಾ ಅನ್ನುತ್ತದೆ. ಆಗ ಊರಿನ ಹಿರಿಯರು ಹೇಳುವ ಮಾತು ಒಂದೇ: ‘ಹೇಳದೆ ಕೇಳದೆ ಬಂದ್ ಬಿಡಪ್ಪ, ಏನ್ ಮಾಡ್ತಾರ?’

ಈ ಸಲಹೆಯೂ ತಪ್ಪು, ಆ 60 ದಿನದ ಹಟವೂ ತಪ್ಪು ಅನ್ನೋದು ನಮ್ಮ ವಾದ.

ಮೊದಲು ಕಂಪನಿಯ ಹಟ ನೋಡೋಣ. 60 ದಿನ ಅನ್ನೋದು ಸರ್ಕಾರ ಮಾಡಿದ ನಿಯಮ ಅಂತ ಬಹಳ ಹುಡುಗರು ತಿಳಿದಿದ್ದಾರೆ. ಅಲ್ಲ. ಅದು ನೇಮಕಾತಿ ಪತ್ರದಲ್ಲಿ ಕಂಪನಿ ಬರೆದು ನೀವು ಸಹಿ ಮಾಡಿದ ಷರತ್ತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಹೇಳೋದು ಮಾಲೀಕರ ಬಗ್ಗೆ: ಆರು ತಿಂಗಳು ಸತತ ಸೇವೆ ಮಾಡಿದ ನೌಕರನನ್ನು ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ, ತೆಗೆದರೂ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಬದಲು ಒಂದು ತಿಂಗಳ ಸಂಬಳ ಕೊಡಬೇಕು. ಕಂಪನಿಗೆ ಒಂದು ತಿಂಗಳು ಸಾಕಾದರೆ ನೌಕರನಿಗೆ ಎರಡು ತಿಂಗಳು ಯಾಕೆ? ಇದನ್ನು ಯಾರೂ ಕೇಳೋದಿಲ್ಲ.

ಹೊಸ ಆಳು ಸಿಗಬೇಕು, ಹ್ಯಾಂಡೋವರ್ ಆಗಬೇಕು ಅಂತ ಮ್ಯಾನೇಜರ್ ಹೇಳಬಹುದು. ಆ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇವೆ. ಫೀಲ್ಡ್ ಆಫೀಸರ್ ಕೈಯಲ್ಲಿ ಜನರ ರೊಕ್ಕ ಓಡಾಡುತ್ತದೆ. ಆದರೆ ಆ ಹ್ಯಾಂಡೋವರ್‌ಗೆ ನಿಜವಾಗಿ ಎಷ್ಟು ದಿನ ಬೇಕು? ಸೆಂಟರ್ ಮೀಟಿಂಗ್ ಹದಿನೈದು ದಿನಕ್ಕೊಮ್ಮೆ ನಡೆಯುವ ಬ್ರಾಂಚಿನಲ್ಲಿ ಒಂದು ಸುತ್ತು ಮುಗಿದರೆ ನಿಮ್ಮ ಎಲ್ಲಾ ಸೆಂಟರ್ ಮುಗಿದಂತೆ. ಆ ಸುತ್ತಿನಲ್ಲಿ ಬೇರೊಬ್ಬರು ನಿಮ್ಮ ಜೊತೆ ಬಂದು ಸದಸ್ಯರ ಮುಖ ನೋಡಬೇಕು. ಪ್ರತಿ ಮಹಿಳೆಯ ಸಾಲದ ಕಾರ್ಡಿನಲ್ಲಿರುವ ಬಾಕಿಯೂ ಆ್ಯಪಿನಲ್ಲಿ ತೋರಿಸುವ ಬಾಕಿಯೂ ಒಂದೇ ಇದೆಯೇ ಅಂತ ಅಲ್ಲೇ ತಾಳೆ ನೋಡಬೇಕು. ಉಳಿದದ್ದು ಟ್ಯಾಬ್, ಐಡಿ ಕಾರ್ಡ್, ರಸೀದಿ ಪುಸ್ತಕ ಒಪ್ಪಿಸುವ ಕೆಲಸ. ಇದಕ್ಕೆ 60 ದಿನ ಬೇಡ. ತಾಳೆ ಮಾಡದಿದ್ದರೆ ಮಾತ್ರ 60 ದಿನವಾದರೂ ಮುಗಿಯೋದಿಲ್ಲ. ನೀವು ಬಿಟ್ಟು ಹೋದ ಮೇಲೆ ಯಾವುದೋ ಸೆಂಟರಿನಲ್ಲಿ ಲೆಕ್ಕ ತಪ್ಪಿದರೆ ಅದು ನಿಮ್ಮ ತಲೆಗೇ ಬರುತ್ತದೆ.

ಹೇಳದೆ ಬಂದುಬಿಡು ಅನ್ನುವ ಸಲಹೆಯನ್ನು ನಾವು ವಿರೋಧಿಸೋದು ಇದೇ ಕಾರಣಕ್ಕೆ. ಹೇಳದೆ ಬಂದವನಿಗೆ ರಿಲೀವಿಂಗ್ ಲೆಟರ್ ಇಲ್ಲ, ಲೆಕ್ಕ ಒಪ್ಪಿಸಿದ್ದಕ್ಕೆ ಸಹಿ ಇಲ್ಲ. ಮುಂದಿನ ಕಂಪನಿ ಹಳೆಯ ಕಂಪನಿಗೆ ವಿಚಾರಿಸಿದಾಗ ‘ಓಡಿಹೋದವ’ ಅನ್ನುವ ಉತ್ತರ ಬರುತ್ತದೆ. ‘ಏನ್ ಮಾಡ್ತಾರ’ ಅನ್ನುವುದಕ್ಕೂ ಉತ್ತರವಿದೆ. ಕೋರ್ಟು ನಿಮ್ಮನ್ನು ಹಿಡಿದು ತಂದು ಕೆಲಸ ಮಾಡಿಸೋದಿಲ್ಲ, ನಿಜ. ಆದರೆ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪತ್ರದಲ್ಲಿ ಬರೆದ ಮೊತ್ತ ಮೀರದಂತೆ ನ್ಯಾಯವಾದ ಪರಿಹಾರ ಕೊಡಿಸಬಹುದು. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟಿದ್ದಕ್ಕೆ ಕಟ್ಟಬೇಕಾದ 2 ಲಕ್ಷ ರೂಪಾಯಿಯ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ಪ್ರಕರಣ, ನಿಮ್ಮದಕ್ಕೆ ಹಾಗೇ ಹೊಂದಬೇಕೆಂದಿಲ್ಲ. ಆದರೂ ಸಹಿಗೆ ಬೆಲೆ ಇಲ್ಲ ಅಂತ ಯಾರೂ ತಿಳಿಯಬಾರದು.

ಹಾಗಾದರೆ ದಾರಿ ಯಾವುದು? ಲೆಕ್ಕ ಹಾಕಿ ಕೇಳೋದು. ಅತನೂರಿನ ಒಬ್ಬ ಹುಡುಗ ಅಂತಿಟ್ಟುಕೊಳ್ಳಿ. ತಿಂಗಳ ಒಟ್ಟು ಸಂಬಳ 21,000 ರೂಪಾಯಿ, ಅದರಲ್ಲಿ ಬೇಸಿಕ್ 10,500. ಜೂನ್ 1ಕ್ಕೆ ರಾಜೀನಾಮೆ ಕೊಟ್ಟ, ನೋಟಿಸ್ 60 ದಿನ, ಅಂದರೆ ಜುಲೈ 30ರವರೆಗೆ. ಹೊಸ ಕೆಲಸಕ್ಕೆ ಜುಲೈ 1ಕ್ಕೆ ಸೇರಬೇಕು. ಜೂನ್ 25 ಕೊನೆಯ ದಿನವಾದರೆ 35 ದಿನ ಕಡಿಮೆ ಬೀಳುತ್ತದೆ.

ಈಗ ನೇಮಕಾತಿ ಪತ್ರ ತೆಗೆದು ಎರಡು ಸಾಲು ಹುಡುಕಬೇಕು. ನೋಟಿಸ್ ಬದಲು ಹಣ ಕಟ್ಟಲು ಅವಕಾಶವಿದೆಯೇ ಅನ್ನೋದು ಒಂದು. ಆ ಹಣ ಒಟ್ಟು ಸಂಬಳದ ಮೇಲೋ ಬೇಸಿಕ್ ಮೇಲೋ ಅನ್ನೋದು ಇನ್ನೊಂದು. ಒಟ್ಟು ಸಂಬಳದ ಮೇಲಾದರೆ ದಿನಕ್ಕೆ 700, 35 ದಿನಕ್ಕೆ 24,500 ರೂಪಾಯಿ. ಬೇಸಿಕ್ ಮೇಲಾದರೆ ದಿನಕ್ಕೆ 350, ಒಟ್ಟು 12,250. ಉಳಿದಿರುವ 10 ದಿನದ ಗಳಿಕೆ ರಜೆಯನ್ನು ನೋಟಿಸ್‌ಗೆ ಜಮಾ ಮಾಡಲು ಕಂಪನಿ ಒಪ್ಪಿದರೆ 25 ದಿನ ಉಳಿಯುತ್ತದೆ, ಆಗ ಬೇಸಿಕ್ ಮೇಲೆ 8,750 ಅಷ್ಟೇ. ಇಷ್ಟು ಗೊತ್ತಿದ್ದವನು ಮ್ಯಾನೇಜರ್ ಮುಂದೆ ಕೈಮುಗಿದು ನಿಲ್ಲಬೇಕಿಲ್ಲ.

ಬಾಯಿ ಮಾತು ಬೇಡ, ವಾಟ್ಸಾಪ್ ವಾಯ್ಸ್ ಕೂಡ ಬೇಡ. ಇಮೇಲ್ ಕಳಿಸಿ, ಮ್ಯಾನೇಜರ್ ಜೊತೆ ಎಚ್‌ಆರ್‌ಗೂ. ಯಾಕೆಂದರೆ ‘ಆ್ಯಪಿನಲ್ಲಿ ನಿನ್ನ ರಾಜೀನಾಮೆ ಇನ್ನೂ ಅಪ್ರೂವ್ ಆಗಿಲ್ಲ, ನೋಟಿಸ್ ಇವತ್ತಿನಿಂದ ಶುರು’ ಅಂತ ಇಪ್ಪತ್ತು ದಿನದ ಮೇಲೆ ಹೇಳುವವರಿದ್ದಾರೆ. ಬರೆಯಬೇಕಾದದ್ದು ಇಷ್ಟು:

“ಸರ್, ಜೂನ್ 1ರಂದು ರಾಜೀನಾಮೆ ಕೊಟ್ಟಿದ್ದೇನೆ. ಜೂನ್ 25ನ್ನು ನನ್ನ ಕೊನೆಯ ಕೆಲಸದ ದಿನವೆಂದು ಒಪ್ಪಬೇಕೆಂದು ಕೋರುತ್ತೇನೆ. ಜೂನ್ 15ರೊಳಗೆ ಎಲ್ಲಾ ಸೆಂಟರ್‌ಗಳನ್ನು ನೀವು ಹೇಳಿದವರಿಗೆ ತೋರಿಸಿ ಬಾಕಿ ಪಟ್ಟಿಗೆ ಇಬ್ಬರ ಸಹಿ ಮಾಡಿಸುತ್ತೇನೆ. ನನ್ನ 10 ದಿನದ ರಜೆಯನ್ನು ನೋಟಿಸ್‌ಗೆ ಜಮಾ ಮಾಡಿ, ಉಳಿದ 25 ದಿನದ ಹಣವನ್ನು ಪತ್ರದ ಷರತ್ತಿನಂತೆ ಅಂತಿಮ ಲೆಕ್ಕದಲ್ಲಿ ಕಡಿತ ಮಾಡಿ. ಒಪ್ಪಿಗೆಯನ್ನು ಇಮೇಲ್‌ನಲ್ಲಿ ತಿಳಿಸಿ.”

ಇದರಲ್ಲಿ ಅಪ್ಪನ ಕಾಯಿಲೆ, ಮನೆ ತಾಪತ್ರಯ ಯಾವುದೂ ಇಲ್ಲ. ಸುಳ್ಳು ಕಾರಣ ಹೇಳಿದರೆ ಮ್ಯಾನೇಜರ್ ಕಾರಣದ ಮೇಲೆ ಜಗಳಕ್ಕಿಳಿಯುತ್ತಾರೆ. ಹ್ಯಾಂಡೋವರ್ ತಾರೀಖು ಕೊಟ್ಟರೆ ಕೆಲಸದ ಬಗ್ಗೆ ಮಾತಾಡಬೇಕಾಗುತ್ತದೆ. ಮಾರ್ಚ್ ಕೊನೆಯ ವಾರ ಮಾತ್ರ ಕೇಳಬೇಡಿ. ವರ್ಷದ ಟಾರ್ಗೆಟ್ ಮುಗಿಸುವ ಹೊತ್ತಿನಲ್ಲಿ ಯಾರೂ ಬಿಡೋದಿಲ್ಲ.

ಒಪ್ಪದಿದ್ದರೆ? ಹಣ ಕಟ್ಟಿ ಹೋಗುವ ಷರತ್ತು ಪತ್ರದಲ್ಲಿದ್ದರೆ ಅದನ್ನೇ ಉಲ್ಲೇಖಿಸಿ ಮತ್ತೊಮ್ಮೆ ಬರೆಯಿರಿ. ಹಣ ಕಟ್ಟಿದರೂ ಕಂಪನಿ ಒಪ್ಪಬೇಕು ಅಂತ ಬರೆದಿದ್ದರೆ ನಿಮ್ಮ ಕೈ ಸ್ವಲ್ಪ ಕಟ್ಟಿದಂತೆ. ಆಗ ಹೊಸ ಕಂಪನಿಗೆ ಅದೇ ಇಮೇಲ್ ತೋರಿಸಿ ಹತ್ತು ಹದಿನೈದು ದಿನ ಹೆಚ್ಚಿಗೆ ಕೇಳಬೇಕು. ಎರಡೂ ಕಡೆ ತಾರೀಖು ಹತ್ತಿರ ತರಬಹುದು ಅನ್ನೋದನ್ನು ನಮ್ಮ ಹುಡುಗರು ಮರೆಯುತ್ತಾರೆ.

ಬಿಟ್ಟ ಮೇಲಿನ ಎರಡು ವಿಷಯ ಹೇಳಿ ಮುಗಿಸುತ್ತೇವೆ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಪಿಎಫ್‌ನಲ್ಲಿ ಕಂಪನಿ ನಿಮ್ಮ ಬಿಟ್ಟ ದಿನ ಹಾಕದೆ ಸತಾಯಿಸಿದರೆ, ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನ Mark Exit ಒತ್ತಿ, ಆಧಾರ್ ಮೊಬೈಲಿಗೆ ಬರುವ ಓಟಿಪಿ ಕೊಟ್ಟು ನೀವೇ ಹಾಕಿಕೊಳ್ಳಬಹುದು.

ಮ್ಯಾನೇಜರುಗಳಿಗೂ ಒಂದು ಮಾತು. ಮನಸ್ಸು ಹೋದ ಮೇಲೆ ಎರಡು ತಿಂಗಳು ಕಟ್ಟಿಹಾಕಿದ ಹುಡುಗ ಕಲೆಕ್ಷನ್ ತರೋದಿಲ್ಲ. ಲೆಕ್ಕ ತಾಳೆ ಮಾಡಿಕೊಂಡು ಇಪ್ಪತ್ತೈದನೇ ದಿನ ಬಿಟ್ಟರೆ ನಿಮ್ಮ ಬ್ರಾಂಚಿಗೇ ಲಾಭ.