ಅಕ್ಷರ ದೊಡ್ಡದಾದರೆ ಸಾಲದು

ದಂಡಿಗನಹಳ್ಳಿಯಲ್ಲಿ ನಾನು ವಿಜ್ಞಾನ ಪಾಠ ಮಾಡುವ ಹತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ದೃಷ್ಟಿ ಬಹಳ ಕಡಿಮೆ, ಕನ್ನಡಕ ಹಾಕಿದರೂ ಅಷ್ಟೇ. ಕಿರುಪರೀಕ್ಷೆಗೆ ಅವನ ಪ್ರಶ್ನೆಪತ್ರಿಕೆಯನ್ನು ಎ3 ಹಾಳೆಗೆ ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಒಂದು ಗಂಟೆಗೆ 20 ನಿಮಿಷ ಹೆಚ್ಚು ಕೊಟ್ಟೆ. 2018ರ ಕೇಂದ್ರ ಮಾರ್ಗಸೂಚಿ ಹೇಳಿದ್ದೂ ಗಂಟೆಗೆ ಕನಿಷ್ಠ 20 ನಿಮಿಷ ಅಂತಲೇ. ನನ್ನ ಕೆಲಸ ಮುಗೀತು ಅಂದುಕೊಂಡೆ. ಅವನಿಗೆ ಬಂದದ್ದು 25ಕ್ಕೆ 9.

"ಓದಲಿಲ್ವೇನೋ?" ಅಂದೆ.

"ಓದಿದ್ದೆ ಮಿಸ್, ಹಾಳೆಯಲ್ಲಿ ಸಾಲು ತಪ್ಪೋಯ್ತು" ಅಂದ.

ಅದೇ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದೆ. ಹೆಚ್ಚಿನವಕ್ಕೆ ಸರಿ ಉತ್ತರ ಬಂತು. ಹಾಗಾದರೆ ತಪ್ಪು ಓದಿನದ್ದಲ್ಲ, ನನ್ನ ಹಾಳೆಯದ್ದು. ಕಣ್ಣಿಗೆ ಹತ್ತಿರ ಹಿಡಿದು ಓದುವವನಿಗೆ ಎ3 ಹಾಳೆಯ ಒಂದೊಂದು ಸಾಲೂ ತೀರಾ ಉದ್ದ. ಕೊನೆ ತಲುಪುವಷ್ಟರಲ್ಲಿ ಮುಂದಿನ ಸಾಲು ಎಲ್ಲಿ ಶುರು ಅನ್ನೋದು ಕೈತಪ್ಪುತ್ತದೆ. ಜೆರಾಕ್ಸಿನಲ್ಲಿ ಅಕ್ಷರದ ಜೊತೆ ಮಸುಕೂ ದೊಡ್ಡದಾಗಿತ್ತು. ಸಾಲುಗಳು ಒತ್ತಾಗಿದ್ದರಿಂದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತಿದ್ದವು.

ಮುಂದಿನ ಸಲ ಹೊಸದಾಗಿ ಟೈಪ್ ಮಾಡಿದೆ. ಮಾಮೂಲಿ ಎ4 ಹಾಳೆ, 20 ಪಾಯಿಂಟ್ ಅಕ್ಷರ, ಸಾಲಿನ ಮಧ್ಯೆ ಒಂದೂವರೆಪಟ್ಟು ಜಾಗ. ಯಾವ ಪ್ರಶ್ನೆಯೂ ಎರಡು ಪುಟಕ್ಕೆ ಹರಿಯದಂತೆ ನೋಡಿಕೊಂಡೆ. 'ಹೊಂದಿಸಿ ಬರೆಯಿರಿ'ಯ ಎರಡು ಪಟ್ಟಿಗಳನ್ನು ದೂರ ದೂರ ಇಡದೆ ಒಂದರ ಕೆಳಗೊಂದು ಇಟ್ಟೆ. ಪ್ರಿಸಂ ಚಿತ್ರವನ್ನು ಬೂದು ಬಣ್ಣವಿಲ್ಲದೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪ ಗೆರೆಯಲ್ಲಿ ಬರೆದೆ. ಈ ಸಲ ಅವನು ಹೆಚ್ಚಿನ ಸಮಯದಲ್ಲಿ ಅರ್ಧವನ್ನೂ ಬಳಸಲಿಲ್ಲ. ಬಂದದ್ದು 17.

ಅದೇ ಹಾಳೆಯನ್ನು ಡಿಸ್ಲೆಕ್ಸಿಯಾ ಇರುವ ಹುಡುಗಿಗೂ ಕೊಟ್ಟೆ. ಅವಳಿಗೆ ಅಕ್ಷರ ಕಾಣದ ತೊಂದರೆಯಿಲ್ಲ, ಕಂಡ ಅಕ್ಷರ ಪದವಾಗೋದು ತಡ. ಹಾಗಾಗಿ ದೊಡ್ಡಕ್ಷರದಿಂದ ಅವಳಿಗೆ ಹೆಚ್ಚೇನೂ ಸಹಾಯ ಆಗಲಿಲ್ಲ. "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ" ಅನ್ನೋದನ್ನು "ಯಾವುದು ಸರಿ" ಅಂತ ಓದಿಕೊಂಡಿದ್ದಳು. ಅವಳಿಗೆ ಬೇಕಾದದ್ದು ಚಿಕ್ಕ ವಾಕ್ಯ, ಪ್ರಶ್ನೆ ಓದಿ ಹೇಳುವವರು, ಮತ್ತೆ ಆ ಪೂರಾ 20 ನಿಮಿಷ. 'ಅಲ್ಲ'ವನ್ನು ಬಿಡಿಯಾಗಿ, ದಪ್ಪಕ್ಷರದಲ್ಲಿ ಹಾಕಿದೆ. ಆದರೆ 'ವಕ್ರೀಭವನ'ವನ್ನು ಬದಲಿಸಲಿಲ್ಲ. ಅದು ಪಾಠದ್ದೇ ಪದ, ಅದನ್ನು ಸುಲಭ ಮಾಡಿದರೆ ಪರೀಕ್ಷೆಯೇ ಬೇರೆಯಾಗುತ್ತದೆ. ಸುತ್ತಲಿನ ಮಾತನ್ನು ಮಾತ್ರ ಸರಳ ಮಾಡಬಹುದು.

ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ. ಅಲ್ಲಿ ಹೆಚ್ಚು ಸಮಯವಾಗಲಿ, ಬರೆಯುವವರಾಗಲಿ ಬೇಕಿದ್ದರೆ ವೈದ್ಯಕೀಯ ಪ್ರಮಾಣಪತ್ರ ಇಟ್ಟು ಶಾಲೆಯ ಮೂಲಕ ಮೊದಲೇ ಕೇಳಬೇಕು. ಹಾಗೆ ಕೇಳುವಾಗ ನಿಮ್ಮ ಮಗುವಿಗೆ ಇಂಥದ್ದೇ ಬೇಕು ಅಂತ ಹೇಳೋಕೆ ಕಿರುಪರೀಕ್ಷೆಯ ಹಾಳೆಗಳೇ ಆಧಾರ. ಅವನ್ನು ರದ್ದಿಗೆ ಹಾಕಬೇಡಿ. 9 ಬಂದ ಹಾಳೆ, 17 ಬಂದ ಹಾಳೆ, ಎರಡನ್ನೂ ಆ ಹುಡುಗನ ಅಮ್ಮನ ಕೈಗೆ ಕೊಟ್ಟಿದ್ದೇನೆ.