ಹೆಸರು ಕಟ್ಟುವುದು ಕಾರ್ಖಾನೆಯ ಒಳಗೆ
ಸಣ್ಣ ಊರುಗಳ ಎಂಜಿನಿಯರಿಂಗ್ ಪದವೀಧರರು ಮಧ್ಯಮ ಉದ್ಯಮಗಳಲ್ಲಿ ಏಕೆ ನಿಲ್ಲುತ್ತಿಲ್ಲ?

ಬೆಳಗಾವಿಯ ಉದ್ಯಮಬಾಗ್ ಮತ್ತು ಮಚ್ಛೆ, ಹುಬ್ಬಳ್ಳಿಯ ತಾರಿಹಾಳ, ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಉದ್ಯಮಿಗಳನ್ನು ಮಾತನಾಡಿಸಿದರೆ ಕೇಳಿಬರುವ ದೂರು ಒಂದೇ: ಎಂಜಿನಿಯರುಗಳು ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ. ಇತ್ತ ಬಾಗಲಕೋಟೆ, ಗದಗ, ಹಾವೇರಿ, ವಿಜಯಪುರದ ಕಾಲೇಜುಗಳಿಂದ ಮೆಕ್ಯಾನಿಕಲ್ ಪದವಿ ಪಡೆದು ಹೊರಬಂದ ಯುವಕರ ದೂರು ಇದಕ್ಕೆ ತದ್ವಿರುದ್ಧ: ಕಲಿತದ್ದಕ್ಕೆ ತಕ್ಕ ಕೆಲಸವಿಲ್ಲ. ಎರಡು ದೂರುಗಳೂ ಏಕಕಾಲದಲ್ಲಿ ನಿಜವಾಗಿರುವುದೇ ಈ ಸಮಸ್ಯೆಯ ಸ್ವಾರಸ್ಯ.

ಇದಕ್ಕೆ ಉತ್ತರವೆಂದು ಇತ್ತೀಚಿನ ವರ್ಷಗಳಲ್ಲಿ ಮಧ್ಯಮ ಗಾತ್ರದ ಕಾರ್ಖಾನೆಗಳೂ ‘ಎಂಪ್ಲಾಯರ್ ಬ್ರ್ಯಾಂಡಿಂಗ್’ ಎಂಬ ಮಾತನ್ನು ಆಡತೊಡಗಿವೆ. ಈ ಪರಿಕಲ್ಪನೆಯನ್ನು 1996ರಲ್ಲಿ ಟಿಮ್ ಆ್ಯಂಬ್ಲರ್ ಮತ್ತು ಸೈಮನ್ ಬ್ಯಾರೋ ಎಂಬ ಇಬ್ಬರು ಬ್ರಿಟಿಷರು ತಮ್ಮ ಪ್ರಬಂಧವೊಂದರಲ್ಲಿ ಮಂಡಿಸಿದರು. ಒಂದು ಉದ್ಯೋಗದಿಂದ ವ್ಯಕ್ತಿಗೆ ದೊರೆಯುವ ಕೆಲಸದ, ಹಣದ ಹಾಗೂ ಮನಸ್ಸಿನ ಪ್ರಯೋಜನಗಳ ಒಟ್ಟು ಮೊತ್ತವೇ ಉದ್ಯೋಗದಾತನ ಹೆಸರು ಎಂಬುದು ಅವರ ವಿವರಣೆ. ನಮ್ಮಲ್ಲಿ ಅದು ಬಣ್ಣದ ಕಿರುಹೊತ್ತಗೆ, ಕಾಲೇಜು ಉತ್ಸವದ ಪ್ರಾಯೋಜಕತ್ವ, ಎರಡು ನಿಮಿಷದ ವಿಡಿಯೊ ಎಂಬಷ್ಟಕ್ಕೆ ಇಳಿದಿದೆ. ಹಾಗಾಗಿಯೇ ಅದು ಫಲ ಕೊಡುತ್ತಿಲ್ಲ.

ಸಮಸ್ಯೆಯನ್ನು ಸ್ಪಷ್ಟವಾಗಿ ಕಾಣಲು ಒಂದು ಮಾದರಿ ಲೆಕ್ಕವನ್ನು ಇಟ್ಟುಕೊಳ್ಳೋಣ. ಪಂಪು ಮತ್ತು ಟ್ರ್ಯಾಕ್ಟರ್ ಬಿಡಿಭಾಗಗಳ ಎರಕ ಹೊಯ್ಯುವ, 400 ಜನ ದುಡಿಯುವ ಬೆಳಗಾವಿಯ ಒಂದು ಫೌಂಡ್ರಿ ಎಂದುಕೊಳ್ಳಿ. ವರ್ಷಕ್ಕೆ 12 ಪದವೀಧರರನ್ನು ತರಬೇತಿ ಎಂಜಿನಿಯರುಗಳಾಗಿ ಆರಿಸುತ್ತದೆ. ಕೆಲಸಕ್ಕೆ ಹಾಜರಾಗುವವರು ಒಂಬತ್ತು ಮಂದಿ. ಮೊದಲ ಹದಿನೈದು ದಿನಗಳಲ್ಲಿ ಇಬ್ಬರು, ಆರು ತಿಂಗಳೊಳಗೆ ಇನ್ನಿಬ್ಬರು, ವರ್ಷದ ಕೊನೆಗೆ ಮತ್ತೊಬ್ಬ ಬಿಟ್ಟುಹೋಗುತ್ತಾರೆ. ಉಳಿಯುವವರು ನಾಲ್ವರು.

‘ಈಗಿನ ಹುಡುಗರಿಗೆ ತಾಳ್ಮೆಯಿಲ್ಲ’ ಎಂದು ಆಡಳಿತ ಮಂಡಳಿ ಷರಾ ಬರೆಯುತ್ತದೆ. ಆದರೆ ಬಿಟ್ಟುಹೋದ ದಿನಾಂಕಗಳನ್ನು ಸಾಲಾಗಿ ಬರೆದರೆ ಬೇರೆಯೇ ಚಿತ್ರ ಮೂಡುತ್ತದೆ. ಹಾಜರಾಗದವರೂ ಹದಿನೈದು ದಿನಗಳಲ್ಲಿ ಹೋದವರೂ ಸಾಮಾನ್ಯವಾಗಿ ಸಂಬಳ ಮತ್ತು ವಸತಿಯ ವಿಷಯದಲ್ಲಿ ಮೋಸಹೋದೆವೆಂದು ಭಾವಿಸಿದವರು. ಮೂರರಿಂದ ಆರು ತಿಂಗಳ ನಡುವೆ ಹೋದವರಿಗೆ ಕೆಲಸವೇ ಬೇಸರ ತಂದಿರುತ್ತದೆ. ವರ್ಷದ ನಂತರ ಹೋಗುವವರಿಗೆ ಮುಂದಿನ ದಾರಿ ಕಂಡಿರುವುದಿಲ್ಲ. ಮೂರು ರೋಗಗಳಿಗೆ ಒಂದೇ ಔಷಧ ನಡೆಯದು.

ಸಂಬಳದ ಲೆಕ್ಕ

ಕಾಲೇಜಿನಲ್ಲಿ ಘೋಷಿಸಿದ ವಾರ್ಷಿಕ ವೇತನ 3.24 ಲಕ್ಷ ರೂಪಾಯಿ. ಅಂದರೆ ತಿಂಗಳಿಗೆ 27,000. ಇದರಲ್ಲಿ ಮೂಲವೇತನ ಅರ್ಧ, 13,500. ಆದರೆ 27,000ದ ಒಳಗೇ ಕಂಪನಿಯ ಪಾಲಿನ ಭವಿಷ್ಯನಿಧಿ 1,620, ಗ್ರಾಚ್ಯುಯಿಟಿ 650, ವಿಮೆ 330, ವರ್ಷಕ್ಕೊಮ್ಮೆ ಕೊಡುವ ಬೋನಸ್ಸಿನ ಪಾಲು 1,500, ಕ್ಯಾಂಟೀನ್ ಹಾಗೂ ಬಸ್ಸಿನ ಬಾಬ್ತು 1,200 ಸೇರಿಕೊಂಡಿವೆ. ಇವನ್ನು ಕಳೆದರೆ 21,700. ಅದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ 1,620 ಮುರಿದುಕೊಂಡ ಮೇಲೆ ಕೈಗೆ ಬರುವುದು 20,080 ರೂಪಾಯಿ.

ಇಲ್ಲಿ ಕಾನೂನಿನ ಉಲ್ಲಂಘನೆ ಏನೂ ಇಲ್ಲ. ಆದರೆ 27,000 ಎಂದು ಮನೆಯಲ್ಲಿ ಹೇಳಿ ಬಂದ ಹುಡುಗ ಮೊದಲ ತಿಂಗಳು 20,000 ಎಣಿಸಿದಾಗ ಆಗುವ ಹಾನಿಯನ್ನು ಯಾವ ವಿಡಿಯೊ ಕೂಡ ತುಂಬಿಕೊಡದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಲಿಖಿತ ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಜಾಣ ಉದ್ಯಮಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಯ್ಕೆಯ ದಿನವೇ ‘ತಿಂಗಳ ಕೊನೆಗೆ ಕೈಗೆ ಬರುವ ಹಣ ಇಷ್ಟು’ ಎಂಬ ಸಾಲನ್ನು ಕನ್ನಡದಲ್ಲಿ ಬರೆದು ಪೋಷಕರಿಗೂ ತಲುಪಿಸಬಹುದು. ಆಗ ಆಯ್ಕೆಯ ಹಂತದಲ್ಲೇ ಇಬ್ಬರು ಹಿಂದೆ ಸರಿದಾರು. ಹದಿನೈದು ದಿನ ಕೆಲಸ ಮಾಡಿ ಮುನಿಸಿಕೊಂಡು ಹೋಗುವುದಕ್ಕಿಂತ ಅದು ಮೇಲು.

ಸತ್ಯವನ್ನು ಹೇಳುವುದು ನಷ್ಟವೂ ಅಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು 3.6 ಲಕ್ಷ ಕೊಟ್ಟು, ಕೈಗೆ 25,000 ಬಂದರೂ ಊಟ ಸಹಿತ ಪಿ.ಜಿ. ವಸತಿಗೆ 10,000, ಓಡಾಟಕ್ಕೆ 2,000 ಹೋದರೆ ಉಳಿಯುವುದು 13,000. ಬೆಳಗಾವಿಯಲ್ಲಿ ಕಂಪನಿಯೇ ಕೊಠಡಿ ಒದಗಿಸಿ 1,500 ಮಾತ್ರ ಮುರಿದುಕೊಂಡು, ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಾಗಿ ಮಿಕ್ಕ ಊಟೋಪಚಾರಕ್ಕೆ 4,000 ಆದರೆ 14,500ಕ್ಕೂ ಹೆಚ್ಚು ಉಳಿಯುತ್ತದೆ. ಸಣ್ಣ ಊರಿನ ತಂದೆ ಕೇಳುವುದು ಈ ಕೊನೆಯ ಅಂಕಿಯನ್ನೇ. ಆದರೆ ಅದನ್ನು ಆತನ ಮುಂದಿಡುವವರಿಲ್ಲ.

ಕೊಠಡಿಯ ಖರ್ಚಿನ ಲೆಕ್ಕವೂ ಸರಳ. ತಿಂಗಳಿಗೆ ತಲಾ 12,000 ಬಾಡಿಗೆಯ ಎರಡು ಮನೆಗಳಲ್ಲಿ ಎಂಟು ಮಂದಿ ಇರಬಹುದು. ಅವರಿಂದ ಬರುವ 12,000 ಕಳೆದು ಕಂಪನಿಗೆ ಬೀಳುವ ಹೊರೆ ವರ್ಷಕ್ಕೆ 1.44 ಲಕ್ಷ. ಆರು ತಿಂಗಳು ಕಲಿತು ಹೊರಟುಹೋಗುವ ಒಬ್ಬ ತರಬೇತಿ ಎಂಜಿನಿಯರನ ವೇತನದ ವೆಚ್ಚವೇ 1.62 ಲಕ್ಷ. ಒಬ್ಬ ಉಳಿದರೂ ಬಾಡಿಗೆ ಹುಟ್ಟಿತು. ಹೆಣ್ಣುಮಕ್ಕಳನ್ನು ನೇಮಿಸುವ ಕಡೆ ಪ್ರತ್ಯೇಕ ಮನೆ ಮತ್ತು ಬಾಗಿಲವರೆಗಿನ ಬಸ್ಸು ಇಲ್ಲದಿದ್ದರೆ ಮಾತುಕತೆಯೇ ಮುಂದುವರಿಯುವುದಿಲ್ಲ.

ಕೆಲಸವೇ ಹೆಸರು

ಎರಡನೆಯ ರೋಗ ಹೆಚ್ಚು ಆಳವಾದದ್ದು. ಕಾಗದದ ಮೇಲೆ ತರಬೇತಿ ಯೋಜನೆ ಅಚ್ಚುಕಟ್ಟಾಗಿಯೇ ಇರುತ್ತದೆ: ಪ್ಯಾಟರ್ನ್ ವಿಭಾಗ, ಮರಳು ಪ್ರಯೋಗಾಲಯ, ಇಂಡಕ್ಷನ್ ಕುಲುಮೆ, ಗುಣಮಟ್ಟ ವಿಭಾಗಗಳಲ್ಲಿ ತಲಾ ಒಂದೂವರೆ ತಿಂಗಳು. ಆದರೆ ಎರಡನೆಯ ತಿಂಗಳಲ್ಲೇ ರವಾನೆಯ ಒತ್ತಡ ಬರುತ್ತದೆ. ತರಬೇತಿಯ ಹುಡುಗನನ್ನು ರಾತ್ರಿ ಪಾಳಿಯಲ್ಲಿ ಎರಕಗಳನ್ನು ಎಣಿಸಿ ರಿಜಿಸ್ಟರಿನಲ್ಲಿ ಬರೆಯಲು ನಿಲ್ಲಿಸುತ್ತಾರೆ. ಅವನ ಮೇಲ್ವಿಚಾರಕರು ಇಪ್ಪತ್ತು ವರ್ಷದ ಅನುಭವವಿರುವ ಡಿಪ್ಲೊಮಾ ಅಥವಾ ಐಟಿಐ ಹಿನ್ನೆಲೆಯವರು. ಕೆಲಸ ಬಲ್ಲವರಾದರೂ, ಕಲಿಸುವುದು ತಮ್ಮ ಹೊಣೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನಾಲ್ಕು ವರ್ಷ ಓದಿ ಎಣಿಕೆಗೆ ನಿಂತ ಯುವಕ ಐದನೆಯ ತಿಂಗಳಲ್ಲಿ ರಾಜೀನಾಮೆ ಕೊಟ್ಟರೆ ಅಚ್ಚರಿಯೇನಿದೆ?

ಇದಕ್ಕೆ ಪರಿಹಾರ ದುಬಾರಿಯಲ್ಲ. ಪ್ರತಿಯೊಬ್ಬನಿಗೂ ಮೊದಲ ಆರು ತಿಂಗಳಿಗೆ ಅವನದೇ ಎನ್ನುವ ಒಂದು ಸಮಸ್ಯೆಯನ್ನು ವಹಿಸಬೇಕು. ಉದಾಹರಣೆಗೆ, ಪಂಪಿನ ಹೊರಕವಚದ ಎರಕದಲ್ಲಿ ಗಾಳಿಗುಳ್ಳೆಯ ದೋಷದಿಂದ ನೂರಕ್ಕೆ ಏಳು ತಿರಸ್ಕೃತವಾಗುತ್ತಿವೆ ಎನ್ನೋಣ. ಹಸಿ ಮರಳಿನ ಅಚ್ಚಿನಲ್ಲಿ ತೇವಾಂಶ ಹೆಚ್ಚಾದರೆ ಆವಿ ಹೊರಹೋಗಲಾರದೆ ಲೋಹದಲ್ಲಿ ಗುಳ್ಳೆ ಉಳಿಯುತ್ತದೆ. ಗಂಟೆಗೊಮ್ಮೆ ಮರಳಿನ ತೇವಾಂಶ ಅಳೆದು, ಅದೇ ಗಂಟೆಯ ಅಚ್ಚುಗಳ ತಿರಸ್ಕಾರದೊಡನೆ ಹೋಲಿಸಿ, ದೋಷ ಯಾವ ಹೊತ್ತಿನಲ್ಲಿ ಏರುತ್ತದೆಂದು ಕಂಡುಹಿಡಿಯುವುದು ಅವನ ಕೆಲಸ. ಊಟದ ವಿರಾಮದ ನಂತರ ಮಿಕ್ಸರ್ ಮತ್ತೆ ಶುರುವಾದಾಗ ಅಂದಾಜಿನ ಮೇಲೆ ನೀರು ಸುರಿಯುತ್ತಿರುವುದೇ ಕಾರಣವೆಂದು ತಿಳಿದರೆ ತಿರಸ್ಕಾರ ಐದಕ್ಕೆ ಇಳಿದೀತು. ಉಳಿತಾಯ ಕಂಪನಿಯದು. ‘ಇದನ್ನು ನಾನು ಮಾಡಿದೆ’ ಎಂಬ ಮಾತು ಹುಡುಗನದು. ಅವನು ದೀಪಾವಳಿಗೆ ಊರಿಗೆ ಹೋದಾಗ ಕಾಲೇಜಿನ ಕಿರಿಯರಿಗೆ ಹೇಳುವುದು ಆ ಮಾತನ್ನೇ.

ಬಾಂಡ್ ಎಂಬ ಬೇಲಿ

ಜನ ನಿಲ್ಲದಿದ್ದಾಗ ಹಲವು ಉದ್ಯಮಿಗಳು ಹಿಡಿಯುವ ದಾರಿ ಸೇವಾ ಬಾಂಡ್. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೂರು ವರ್ಷದ ಕನಿಷ್ಠ ಸೇವೆ ಮತ್ತು ತಪ್ಪಿದರೆ ಎರಡು ಲಕ್ಷ ರೂಪಾಯಿ ಎಂಬ ಷರತ್ತನ್ನು ಎತ್ತಿಹಿಡಿದ ಮೇಲೆ ಈ ಧೈರ್ಯ ಹೆಚ್ಚಾಗಿದೆ. ಆದರೆ ಆ ತೀರ್ಪು ಸಾರ್ವಜನಿಕ ವಲಯದ ಬ್ಯಾಂಕೊಂದರ ಅಧಿಕಾರಿಗೆ ಸಂಬಂಧಿಸಿದ್ದು. ಮತ್ತೆ ನೇಮಕಾತಿ ನಡೆಸುವ ವೆಚ್ಚವನ್ನು ನ್ಯಾಯಾಲಯ ಪರಿಗಣಿಸಿತ್ತು. ಕೈಗೆ 20,000 ಕೊಡುವ ಕಾರ್ಖಾನೆ ಅದೇ ಮೊತ್ತವನ್ನು ಕೇಳಿದರೆ, ಅದು ಆದ ನಷ್ಟಕ್ಕೆ ಅನುಗುಣವೇ ಎಂಬ ಪ್ರಶ್ನೆ ಏಳುವುದು ಸಹಜ.

ಕಾನೂನಿಗಿಂತ ಮುಖ್ಯವಾದುದು ಹೆಸರಿನ ಪ್ರಶ್ನೆ. ಎರಡು ಲಕ್ಷದ ಬಾಂಡಿಗೆ ಸಹಿ ಹಾಕಿಸಿ, ಮೂಲ ಅಂಕಪಟ್ಟಿಗಳನ್ನೂ ಇಟ್ಟುಕೊಳ್ಳುವ ಕಂಪನಿಯ ಸುದ್ದಿ ಒಂದೇ ಬ್ಯಾಚಿನಲ್ಲಿ ಇಡೀ ಕಾಲೇಜಿಗೆ ಹಬ್ಬುತ್ತದೆ. ಮರುವರ್ಷ ಅಲ್ಲಿಗೆ ಬರುವವರು ಬೇರೆಲ್ಲೂ ಸಿಗದವರು ಮಾತ್ರ. ಬಾಂಡ್ ಬೇಕೇಬೇಕೆಂದರೆ ಮೊತ್ತ ನಿಜವಾದ ತರಬೇತಿ ವೆಚ್ಚದಷ್ಟಿರಲಿ, ಪ್ರತಿ ಮೂರು ತಿಂಗಳಿಗೆ ಇಳಿಯುತ್ತಾ ಹೋಗಲಿ, ಮೂಲ ದಾಖಲೆಗಳನ್ನು ಅಂದೇ ಹಿಂದಿರುಗಿಸಲಿ. ಅದಕ್ಕಿಂತ ಬಲವಾದ ಕಟ್ಟು ಬೇರೆಯೇ ಇದೆ. ಒಂದು ವರ್ಷಕ್ಕೆ ಎಷ್ಟು ಏರಿಕೆ, ಎರಡು ವರ್ಷಕ್ಕೆ ಯಾವ ಹುದ್ದೆ, ಅದಕ್ಕೆ ಏನು ಕಲಿತಿರಬೇಕು ಎಂಬುದನ್ನು ಮೊದಲೇ ಬರೆದುಕೊಡುವುದು. ಮೂರನೆಯ ರೋಗಕ್ಕೆ ಮದ್ದು ಅದೇ.

ಕಾಲೇಜಿಗೆ ಹೋಗುವ ಬಗೆಯೂ ಬದಲಾಗಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಈಗ ಇಂಟರ್ನ್‌ಶಿಪ್ ಕಡ್ಡಾಯ. ಹಲವು ಕಾರ್ಖಾನೆಗಳು ಪ್ರಮಾಣಪತ್ರಕ್ಕೆ ಸಹಿ ಹಾಕಿ ಕಳುಹಿಸಿಬಿಡುತ್ತವೆ. ಅದರ ಬದಲು ಕೆಲವರನ್ನಾದರೂ ಕೆಲವು ವಾರ ಶಾಪ್ ಫ್ಲೋರಿನ ಧೂಳು, ಕಾವು, ಪಾಳಿಗಳ ನಡುವೆ ಇಟ್ಟುಕೊಂಡರೆ ಇಬ್ಬರೂ ಪರಸ್ಪರ ನೋಡಿ ನಿರ್ಧರಿಸಬಹುದು. ಕೆಲಸದ ಕಷ್ಟವನ್ನು ಮುಂಚೆಯೇ ತೋರಿಸಿದರೆ ಸೇರಿದ ಮೇಲೆ ಬಿಡುವವರು ಕಡಿಮೆಯಾಗುತ್ತಾರೆ ಎಂಬ ವಾದವನ್ನು ಅಮೆರಿಕದ ಜಾನ್ ವಾನಸ್ 1970ರ ದಶಕದಲ್ಲೇ ಅಧ್ಯಯನಕ್ಕೆ ಒಳಪಡಿಸಿದ್ದರು. ಸೇರಿ ಎರಡು ವರ್ಷವಾದ ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಯನ್ನು, ಮಾನವ ಸಂಪನ್ಮೂಲ ಅಧಿಕಾರಿ ಪಕ್ಕದಲ್ಲಿಲ್ಲದೆ, ಕಿರಿಯರ ಜತೆ ಮಾತನಾಡಲು ಕಳುಹಿಸುವ ಧೈರ್ಯ ಕಂಪನಿಗಿದೆಯೇ ಎಂಬುದು ಅದರ ಹೆಸರಿನ ನಿಜವಾದ ಪರೀಕ್ಷೆ.

ಇದೆಲ್ಲಕ್ಕೂ ಮಿತಿಯಿದೆ. ಬೇರೆಡೆ ವೇತನ ದುಪ್ಪಟ್ಟಿದ್ದರೆ ಯಾವ ಹೆಸರೂ ಹಿಡಿದು ನಿಲ್ಲಿಸಲಾರದು. ಮೂರು-ನಾಲ್ಕು ವರ್ಷದ ಅನುಭವ ಪಡೆದವರಲ್ಲಿ ಕೆಲವರು ಪುಣೆಗೋ ಬೆಂಗಳೂರಿಗೋ ಹೋಗಿಯೇ ಹೋಗುತ್ತಾರೆ. ಅದನ್ನು ದ್ರೋಹವೆಂದು ಎಣಿಸಬೇಕಿಲ್ಲ. ಆದರೆ ಸಾಫ್ಟ್‌ವೇರ್ ಉದ್ಯೋಗದ ಹೊಳಪು ಮೊದಲಿನಂತಿಲ್ಲ. 2022ರಲ್ಲಿ ಆಫರ್ ಪತ್ರ ಪಡೆದ ಅನೇಕರು ಸೇರ್ಪಡೆಗಾಗಿ 2024ರವರೆಗೆ ಕಾದದ್ದನ್ನು ಸಣ್ಣ ಊರುಗಳ ಪೋಷಕರು ಮರೆತಿಲ್ಲ. ಹೇಳಿದ ದಿನ ಕೆಲಸ ಕೊಡುವ, ಹೇಳಿದಷ್ಟು ಹಣ ಕೊಡುವ ಕಾರ್ಖಾನೆಗೆ ಇದು ಸಿಕ್ಕಿರುವ ಅವಕಾಶ. ನಮ್ಮ ಮಾದರಿ ಫೌಂಡ್ರಿಯಲ್ಲಿ ನಾಲ್ವರ ಬದಲು ಏಳು ಮಂದಿ ಉಳಿದರೆ, ಮುಂದಿನ ವರ್ಷ ಕಾಲೇಜಿನಲ್ಲಿ ಆ ಕಾರ್ಖಾನೆಯ ಪರವಾಗಿ ಮಾತನಾಡುವ ಬಾಯಿಗಳೂ ಏಳಾಗುತ್ತವೆ. ಅದಕ್ಕೆ ಕಿರುಹೊತ್ತಗೆಯ ಅಗತ್ಯ ಬೀಳದು.