ಒಟಿಪಿ ಮಾತ್ರ ದುಬೈಯಲ್ಲಿ

ಉಚ್ಚಿಲ ದಸರಾ ಹತ್ತಿರ ಬಂತೆಂದರೆ ಕಾಪು ಸೀಮೆಯ ಹುಲಿವೇಷ ತಂಡಗಳ ಇನ್‌ಸ್ಟಾಗ್ರಾಂ ಖಾತೆಗಳಿಗೂ ಜೀವ ಬರುತ್ತದೆ. ಖಾತೆ ಒಂದು, ನಡೆಸುವವರು ನಾಲ್ಕೈದು ಮಂದಿ, ಪಾಸ್‌ವರ್ಡ್ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಎಲ್ಲರಿಗೂ ಗೊತ್ತಿದೆಯಲ್ಲ ಎಂಬ ಧೈರ್ಯ ಬೇರೆ. ಆದರೆ ಕಷ್ಟಕಾಲದಲ್ಲಿ ಖಾತೆ ಯಾರ ಮಾತು ಕೇಳುತ್ತದೆಂದರೆ, ಒಟಿಪಿ ಯಾರಿಗೆ ಬರುತ್ತದೋ ಅವರ ಮಾತು.

ಖಾತೆ ತೆರೆದ ಹುಡುಗ ಕೆಲಸ ಸಿಕ್ಕಿ ದುಬೈಗೆ ಹೋದ ಎಂದಿಟ್ಟುಕೊಳ್ಳಿ. ಊರಿನ ಸಿಮ್‌ಗೆ ರೀಚಾರ್ಜ್ ಇಲ್ಲ. 90 ದಿನ ಬಳಸದಿದ್ದರೆ ಕಂಪನಿ ನಂಬರನ್ನು ಕಡಿದುಹಾಕಬಹುದು. ಮತ್ತೆ 90 ದಿನ ಕಳೆದ ಮೇಲೆ ಅದೇ ನಂಬರು ಬೇರೆ ಯಾರಿಗಾದರೂ ಸಿಗಬಹುದು. ಆಮೇಲೆ ತಂಡದ ಒಟಿಪಿ ಅಪರಿಚಿತರ ಜೇಬಿಗೆ! ಮುಖದ ಸೆಲ್ಫಿ ವಿಡಿಯೋ ಕೊಟ್ಟು ಖಾತೆ ಬಿಡಿಸಿಕೊಳ್ಳೋಣವೆಂದರೆ, ಅದು ಖಾತೆಯಲ್ಲಿರುವ ಫೋಟೋಗಳ ಜತೆ ತಾಳೆಯಾಗಬೇಕು. ಇಲ್ಲಿರುವುದೆಲ್ಲ ಬಣ್ಣ ಬಳಿದ ಹುಲಿ ಮುಖಗಳು.

ಆದ್ದರಿಂದ ತಂಡದ ಹೆಸರಲ್ಲೇ ಒಂದು ಜಿಮೇಲ್ ತೆರೆದು ಅದನ್ನು ಇನ್‌ಸ್ಟಾಗ್ರಾಂಗೆ ಜೋಡಿಸಿ. ಫೋನ್ ನಂಬರು ಊರಲ್ಲೇ ಇರುವವರದ್ದಾಗಲಿ, ರೀಚಾರ್ಜ್ ತಂಡದ ಲೆಕ್ಕದಲ್ಲಿ ಆಗಲಿ. ಆ ಜಿಮೇಲನ್ನು ಕನಿಷ್ಠ ಇಬ್ಬರು ನೋಡುತ್ತಿರಬೇಕು. ಯಾರಾದರೂ ಖಾತೆಯ ಮೇಲ್ ವಿಳಾಸ ಬದಲಿಸಿದರೆ security@mail.instagram.com ಇಂದ ಹಳೆಯ ವಿಳಾಸಕ್ಕೆ ಪತ್ರ ಬರುತ್ತದೆ. ಬದಲಾವಣೆಯನ್ನು ಹಿಂತೆಗೆಯುವ ಕೊಂಡಿ ಅದರಲ್ಲೇ ಇರುತ್ತದೆ. ಹಲವರು ಹಲವು ಊರುಗಳಿಂದ ಲಾಗಿನ್ ಆಗುವ ಖಾತೆಯಲ್ಲಿ ಇಂಥ ಎಚ್ಚರಿಕೆಗಳನ್ನು 'ನಮ್ಮವರೇ ಯಾರೋ' ಎಂದು ತಳ್ಳಿಬಿಡುವುದೇ ಹೆಚ್ಚು.

ಎರಡನೇ ಹಂತದ ಭದ್ರತೆಗೆ ಎಸ್ಸೆಮ್ಮೆಸ್‌ಗಿಂತ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು. ಜೋಡಿಸುವಾಗ ತೆರೆಯ ಮೇಲೆ ಬರುವ ಕ್ಯೂಆರ್ ಕೋಡನ್ನು ಇಬ್ಬರು ತಮ್ಮ ತಮ್ಮ ಫೋನಿನಲ್ಲಿ ಅದೇ ಹೊತ್ತಿಗೆ ಸ್ಕ್ಯಾನ್ ಮಾಡಿಕೊಂಡರೆ, ಇಬ್ಬರಿಗೂ ಒಂದೇ ಸಂಖ್ಯೆ ಬರುತ್ತದೆ. ಅಲ್ಲೇ ಸಿಗುವ Backup codes ಅನ್ನು ಕಾಗದದಲ್ಲಿ ಬರೆದು ಖಜಾಂಚಿಯ ರಸೀದಿ ಪುಸ್ತಕದ ಜತೆ ಇಡಿ. ಒಂದು ಕೋಡ್ ಒಂದು ಸಲ ಮಾತ್ರ ನಡೆಯುತ್ತದೆ. ಅದರ ಫೋಟೋ ತೆಗೆದು ಗ್ರೂಪಿಗೆ ಹಾಕುವ ಮಹಾನುಭಾವರೂ ಇರುತ್ತಾರೆ, ಅವರ ಕೈಗೆ ಕೊಡಬೇಡಿ.

ಯಾರಾದರೂ ತಂಡ ಬಿಟ್ಟರೆ ಪಾಸ್‌ವರ್ಡ್ ಬದಲಿಸಿ, ಉಳಿದೆಲ್ಲ ಫೋನುಗಳನ್ನು ಲಾಗೌಟ್ ಮಾಡಿ, ಹೊಸ Backup codes ತೆಗೆಯಿರಿ. ಹೋದವನು ಆ ಕ್ಯೂಆರ್ ಸ್ಕ್ಯಾನ್ ಮಾಡಿದವನಾಗಿದ್ದರೆ ಅದನ್ನೂ ಹೊಸದಾಗಿ ಜೋಡಿಸಬೇಕು. ತಂಡಕ್ಕೆ ಫೇಸ್‌ಬುಕ್ ಪೇಜೂ ಇದ್ದರೆ, ಅದಕ್ಕೆ ಈ ಪಾಸ್‌ವರ್ಡ್ ಹಂಚಿಕೆಯ ಗೋಜೇ ಬೇಡ. ಇಬ್ಬರಿಗೆ ಅವರವರ ಖಾತೆಯಿಂದಲೇ ಪೂರ್ಣ ಅಧಿಕಾರ ಕೊಟ್ಟರೆ ಸಾಕು.

ದಸರಾ ಗದ್ದಲಕ್ಕೆ ಮೊದಲೇ, ದೋಣಿಗಳು ದಡದಲ್ಲಿರುವ ಜುಲೈಯಲ್ಲಿ, ಒಂದು ಪರೀಕ್ಷೆ ಮಾಡಿ ನೋಡಿ. ಖಾತೆಯನ್ನು ಎಂದೂ ತೆರೆಯದ ಫೋನೊಂದನ್ನು ತನ್ನಿ. ಮುಖ್ಯವಾಗಿ ನಡೆಸುವವನು ಬಾಯಿ ಬಿಡಕೂಡದು. ಉಳಿದವರು ಪಾಸ್‌ವರ್ಡ್ ಹಾಕಿ, Backup codes ಬರೆದ ಕಾಗದ ಹಿಡಿದು ಒಳಗೆ ಹೋಗಬೇಕು. ಹೋದರೆ ಬಳಸಿದ ಕೋಡಿನ ಮೇಲೆ ಗೆರೆ ಎಳೆಯಿರಿ. ಆಗದಿದ್ದರೆ ಎಲ್ಲಿ ಸಿಕ್ಕಿಕೊಂಡಿತೋ ಅದನ್ನು ಅಂದೇ ಸರಿಪಡಿಸಿ.